ಬೆಲೆ ನಿಂತಲ್ಲೇ ಇದೆ, ಒಬಿವಿ ಮಾತ್ರ ಏರುತ್ತಿದೆ: ಒಳಗೊಳಗೇ ಯಾರಾದರೂ ಕೊಳ್ಳುತ್ತಿದ್ದಾರಾ?

ಮಂಜುನಾಥ, ದಾವಣಗೆರೆ: ಒಂದು ಸಣ್ಣ ಕೆಮಿಕಲ್ ಕಂಪನಿಯ ಷೇರು ನಾಲ್ಕು ತಿಂಗಳಿಂದ 400 ಮತ್ತು 430ರ ನಡುವೆಯೇ ಓಡಾಡುತ್ತಿದೆ. ಆದರೆ ಒಬಿವಿ, ಅಂದರೆ ಆನ್ ಬ್ಯಾಲೆನ್ಸ್ ವಾಲ್ಯೂಮ್ ಗೆರೆ ಹೊಸ ಎತ್ತರಕ್ಕೆ ಹೋಗಿದೆ. ದೊಡ್ಡವರು ಸದ್ದಿಲ್ಲದೆ ಕೊಳ್ಳುತ್ತಿದ್ದಾರೆ ಅಂತ ತಿಳಿಯಬಹುದಾ? 430 ದಾಟುವ ಮೊದಲೇ ತಗೊಂಡರೆ ಒಳ್ಳೆಯದಲ್ವಾ? ಅದೇ ಚಾರ್ಟಿನಲ್ಲಿ ಅಕ್ಯುಮುಲೇಷನ್-ಡಿಸ್ಟ್ರಿಬ್ಯೂಷನ್ ಗೆರೆ ಅಷ್ಟೇನೂ ಏರಿಲ್ಲ. ಯಾವುದನ್ನು ನಂಬಲಿ?

ಶೈಲಜಾ (ಬ್ರೋಕರ್ ಆಫೀಸಿನ ಡೀಲಿಂಗ್ ಡೆಸ್ಕ್‌ನಲ್ಲಿದ್ದವರು): ಷೇರಿನ ಹೆಸರು ಹಾಕದೇ ಇದ್ದದ್ದು ಒಳ್ಳೆಯದಾಯಿತು ಮಂಜುನಾಥ್. ತಗೊಳ್ಳಿ, ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಎರಡು ಗೆರೆಗಳು ಯಾಕೆ ಜಗಳ ಆಡುತ್ತಿವೆ ಅಂತ ಹುಡುಕಿದರೆ ನಿಮ್ಮ ಮೊದಲ ಪ್ರಶ್ನೆಗೂ ಅರ್ಧ ಉತ್ತರ ಸಿಗುತ್ತದೆ.

ಒಬಿವಿಯನ್ನು 1963ರಲ್ಲಿ ಜನಪ್ರಿಯ ಮಾಡಿದವರು ಅಮೆರಿಕದ ಜೋಸೆಫ್ ಗ್ರಾನ್‌ವಿಲ್. ಅದರ ಲೆಕ್ಕ ತುಂಬ ಒರಟು. ನಿನ್ನೆಗಿಂತ ಐದು ಪೈಸೆ ಮೇಲೆ ಮುಗಿದರೂ ಇವತ್ತಿನ ವಾಲ್ಯೂಮ್ ಪೂರ್ತಿ ಕೂಡಿಸುತ್ತದೆ. ಐದು ಪೈಸೆ ಕೆಳಗೆ ಮುಗಿದರೆ ಪೂರ್ತಿ ಕಳೆಯುತ್ತದೆ. ಸಾಲದ್ದಕ್ಕೆ ಎನ್‌ಎಸ್‌ಇಯ ಕ್ಲೋಸಿಂಗ್ ಬೆಲೆ ಬಹುಕಾಲದಿಂದ ಕೊನೆಯ ಅರ್ಧ ಗಂಟೆಯ ಸರಾಸರಿಯಾಗಿ ಬರುತ್ತಿತ್ತು, ಕೊನೆಯ ವಹಿವಾಟಿನ ಬೆಲೆಯಾಗಿ ಅಲ್ಲ. ಎರಡರಲ್ಲಿ ಯಾವುದನ್ನು ನಿಮ್ಮ ಚಾರ್ಟ್ ತೆಗೆದುಕೊಂಡಿದೆ ಅನ್ನುವುದರ ಮೇಲೆ ಕೆಲವು ದಿನ ಪ್ಲಸ್ ಹೋಗಿ ಮೈನಸ್ ಆಗಬಹುದು.

ಮಾರ್ಕ್ ಚೈಕಿನ್ ಅವರ ಅಕ್ಯುಮುಲೇಷನ್-ಡಿಸ್ಟ್ರಿಬ್ಯೂಷನ್, ಅಂದರೆ ಎ/ಡಿ ಗೆರೆ ನಿನ್ನೆಯ ಕಡೆ ತಿರುಗಿಯೂ ನೋಡುವುದಿಲ್ಲ. ಇವತ್ತಿನ ಹೈ ಮತ್ತು ಲೋ ನಡುವೆ ಬೆಲೆ ಎಲ್ಲಿ ಮುಗಿಯಿತು ಅನ್ನುವುದಷ್ಟೇ ಅದಕ್ಕೆ ಬೇಕು. ಹೈಗೆ ಹತ್ತಿರ ಮುಗಿದರೆ ವಾಲ್ಯೂಮಿನ ದೊಡ್ಡ ಪಾಲು ಪ್ಲಸ್, ಲೋಗೆ ಹತ್ತಿರ ಮುಗಿದರೆ ಮೈನಸ್, ನಟ್ಟನಡುವೆ ಮುಗಿದರೆ ಸೊನ್ನೆ.

ಒಂದು ದಿನವನ್ನು ಊಹಿಸಿಕೊಳ್ಳಿ. ನಿನ್ನೆ 415ಕ್ಕೆ ಮುಗಿದಿತ್ತು. ಇವತ್ತು ಹೈ 417, ಲೋ 407, ಕ್ಲೋಸ್ 414.50, ವಾಲ್ಯೂಮ್ 6 ಲಕ್ಷ. ಒಬಿವಿ 6 ಲಕ್ಷ ಕಳೆಯುತ್ತದೆ. ಎ/ಡಿ 3 ಲಕ್ಷ ಕೂಡಿಸುತ್ತದೆ, ಯಾಕೆಂದರೆ ಕ್ಲೋಸ್ ಲೋಗಿಂತ 7.50 ಮೇಲಿದೆ, ಹೈಗಿಂತ 2.50 ಮಾತ್ರ ಕೆಳಗಿದೆ. ಸುಮ್ಮನೆ ಕೊಳ್ಳುವವರ ಗುರುತು ಸಿಗುವುದು ಇಂಥ ದಿನಗಳಲ್ಲೇ. ದೊಡ್ಡ ಖರೀದಿದಾರ ಬೆಲೆಯ ಹಿಂದೆ ಓಡುವುದಿಲ್ಲ, 407-408ರಲ್ಲಿ ಆರ್ಡರ್ ಇಟ್ಟು ಕಾಯುತ್ತಾನೆ. ಎನ್‌ಎಸ್‌ಇಯಲ್ಲಿ ಆರ್ಡರಿನ ಹತ್ತನೇ ಒಂದು ಭಾಗ ಮಾತ್ರ ಪರದೆಗೆ ಕಾಣುವಂತೆ ಇಡಲು ಅವಕಾಶ ಇದೆ. ಮಾರುವವರು ಮಾರುತ್ತಲೇ ಇರುತ್ತಾರೆ, ಬೆಲೆ ಮಾತ್ರ ಕೆಳಗಿಳಿಯುವುದಿಲ್ಲ, ಸಂಜೆ ಹೊತ್ತಿಗೆ ಮೇಲೆ ಬಂದು ಮುಗಿಯುತ್ತದೆ. ಒಬಿವಿ ಅದನ್ನು ಮಾರಾಟ ಅಂತ ಬರೆದುಕೊಳ್ಳುತ್ತದೆ! ಅದಕ್ಕೇ ಒಬಿವಿ ಒಂದನ್ನೇ ನಂಬಬೇಡಿ ಅನ್ನುವುದು.

ನಿಮ್ಮದು ಇದರ ಉಲ್ಟಾ: ಒಬಿವಿ ಏರಿದೆ, ಎ/ಡಿ ಏರಿಲ್ಲ. ಹಾಗಾದಾಗ ಒಂದೆರಡು ದಿನಗಳೇ ಗೆರೆಯನ್ನು ಎತ್ತಿಬಿಟ್ಟಿರುವ ಸಂಭವ ಹೆಚ್ಚು. ನಾಲ್ಕು ತಿಂಗಳ ಡೇಟಾವನ್ನು ಎಕ್ಸೆಲ್‌ಗೆ ಹಾಕಿ. A ತಾರೀಕು, B ಹೈ, C ಲೋ, D ಕ್ಲೋಸ್, E ವಾಲ್ಯೂಮ್. ಮೂರನೇ ಸಾಲಿನಿಂದ ಇವೆರಡನ್ನು ಕೆಳಗೆ ಎಳೆಯಿರಿ, ಮೊದಲನೆಯದು ಒಬಿವಿಯ ದಿನದ ಪಾಲು, ಎರಡನೆಯದು ಎ/ಡಿಯದು:

```
=IF(D3>D2,E3,IF(D3<D2,-E3,0))
=IF(B3=C3,0,((D3-C3)-(B3-D3))/(B3-C3)*E3)
```

ಈ ಪಾಲುಗಳನ್ನು ದಿನದಿಂದ ದಿನಕ್ಕೆ ಕೂಡಿಸುತ್ತ ಹೋದರೆ ಗೆರೆ ಸಿಗುತ್ತದೆ. ಆಮೇಲೆ ವಾಲ್ಯೂಮ್ ಜಾಸ್ತಿ ಇರುವ ಐದು ದಿನ ಆರಿಸಿ, ಆ ದಿನ ಏನಾಗಿತ್ತು ಅಂತ ನೋಡಿ ಬನ್ನಿ.

ರಾಘವೇಂದ್ರ: ಇಷ್ಟೆಲ್ಲ ಲೆಕ್ಕ ಯಾಕೆ ಮೇಡಂ? ಡೆಲಿವರಿ ಪರ್ಸೆಂಟ್ ನೋಡಿದರೆ ಸಾಕು. 60ಕ್ಕಿಂತ ಮೇಲಿದ್ದರೆ ದೊಡ್ಡವರು ಕೊಳ್ಳುತ್ತಿದ್ದಾರೆ ಅಂತಲೇ ಅರ್ಥ.

ಶೈಲಜಾ: ಡೆಲಿವರಿ ನೋಡುವುದು ಸರಿ ರಾಘವೇಂದ್ರ ಸರ್, ನಾನೂ ನೋಡುತ್ತೇನೆ. ಇಂಟ್ರಾಡೇ ಗದ್ದಲವನ್ನು ಅದು ಬೇರೆ ಮಾಡಿಕೊಡುತ್ತದೆ. ಆದರೆ ಡೆಲಿವರಿ ತೆಗೆದುಕೊಂಡವರಷ್ಟೇ ಕೊಟ್ಟವರೂ ಇರುತ್ತಾರಲ್ವಾ? ಅಷ್ಟು ಷೇರು ಕೈ ಬದಲಾಯಿತು ಅಂತ ಮಾತ್ರ ಅದು ಹೇಳುತ್ತದೆ. 60 ಅನ್ನುವ ಗಡಿಯೂ ಎಲ್ಲ ಷೇರಿಗೆ ಒಂದೇ ಅಲ್ಲ. ಬಿಇ ಸೀರೀಸ್‌ನಲ್ಲಿರುವ ಷೇರುಗಳಲ್ಲಿ ಇಂಟ್ರಾಡೇ ಇಲ್ಲವೇ ಇಲ್ಲ, ಅಲ್ಲಿ ಡೆಲಿವರಿ ದಿನವೂ 100ರ ಹತ್ತಿರವೇ. ಅದೇ ಷೇರಿನ ಮಾಮೂಲಿ ಮಟ್ಟಕ್ಕೆ ಹೋಲಿಸಿ ನೋಡಿ. ಬೆಲೆ ಬಿದ್ದ ದಿನ ಡೆಲಿವರಿ ಎಂದಿಗಿಂತ ಜಾಸ್ತಿ ಇದ್ದು, ಕ್ಲೋಸ್ ಮೇಲಿನ ಅರ್ಧದಲ್ಲಿದ್ದರೆ ಆಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ಇಮ್ರಾನ್: ನಾನು ನಿಫ್ಟಿ ಐದು ನಿಮಿಷದ ಚಾರ್ಟಿನಲ್ಲಿ ಒಬಿವಿ ಹಾಕಿ ಆಪ್ಷನ್ ತಗೊಳ್ತೀನಿ. ಬ್ರೇಕ್‌ಔಟ್‌ಗೆ ಮುಂಚೆ ಏನೂ ತೋರಿಸೋದೇ ಇಲ್ಲ. ಸೆಟ್ಟಿಂಗ್ ಬದಲಿಸಬೇಕಾ?

ಶೈಲಜಾ: ಇಲ್ಲಿ ಮಾತಾಡುತ್ತಿರುವುದು ಒಂದು ಷೇರಿನ ದಿನದ ಚಾರ್ಟ್ ಬಗ್ಗೆ ಇಮ್ರಾನ್. ನಿಫ್ಟಿ ಸೂಚ್ಯಂಕವನ್ನು ಯಾರೂ ನೇರವಾಗಿ ಕೊಳ್ಳುವುದಿಲ್ಲ, ಅದಕ್ಕೆ ತನ್ನದೇ ವಾಲ್ಯೂಮ್ ಇಲ್ಲ. ಕೆಲವು ಚಾರ್ಟುಗಳು 50 ಷೇರುಗಳ ವಾಲ್ಯೂಮ್ ಕೂಡಿಸಿ ತೋರಿಸುತ್ತವೆ, ಕೆಲವು ಏನೂ ತೋರಿಸುವುದಿಲ್ಲ. ನೋಡಲೇಬೇಕು ಅಂದರೆ ಫ್ಯೂಚರ್ಸ್ ಚಾರ್ಟಿನಲ್ಲಿ ನೋಡಿ. ಅಲ್ಲೂ ಹೆಡ್ಜಿಂಗ್, ರೋಲೋವರ್ ಎಲ್ಲ ಸೇರಿರುತ್ತದೆ, ಗುಟ್ಟಾಗಿ ಕೂಡಿಡುವವರ ಸುಳಿವು ಅಂತ ಓದಲು ಬರುವುದಿಲ್ಲ.

ಮಂಜುನಾಥ: ಮೇಡಂ, ಹಾಕಿ ನೋಡಿದೆ. ನಾಲ್ಕು ತಿಂಗಳಲ್ಲಿ ಒಬಿವಿ ಒಟ್ಟು 44 ಲಕ್ಷ ಏರಿದೆ. ಅದರಲ್ಲಿ ಒಂದೇ ದಿನ 21 ಲಕ್ಷ! ಹಿಂದಿನ ಕ್ಲೋಸ್ 417. ಆ ದಿನ ಹೈ 429, ಲೋ 415, ಕ್ಲೋಸ್ 420. ಮಾಮೂಲಿ ದಿನ 2 ಲಕ್ಷದ ಮೇಲೆ ಹೋಗುವುದೇ ಕಡಿಮೆ. ಅವತ್ತಿನ ಬಲ್ಕ್ ಡೀಲ್ ಪಟ್ಟಿಯಲ್ಲಿ ಒಂದು ಫಂಡ್ 16 ಲಕ್ಷ ಮಾರಿದೆ, ಇನ್ನೊಂದು ಫಂಡ್ ಅಷ್ಟನ್ನೂ ಕೊಂಡಿದೆ. ಉಳಿದ 23 ಲಕ್ಷ ಷೇರನ್ನಾದರೂ ಯಾರೋ ಕೂಡಿಟ್ಟಿದ್ದಾರೆ ಅಂತ ಹೇಳಬಹುದಲ್ವಾ?

ಶೈಲಜಾ: ಗೆರೆಗಳ ಜಗಳ ಇಲ್ಲೇ ಬಗೆಹರಿಯಿತು ನೋಡಿ. ಆ ದಿನ ಬೆಲೆ 429 ಮುಟ್ಟಿ, ಅಲ್ಲಿಂದ 9 ರೂಪಾಯಿ ಜಾರಿ, ಲೋಗಿಂತ 5 ರೂಪಾಯಿ ಮಾತ್ರ ಮೇಲೆ ಮುಗಿದಿದೆ. ನಿನ್ನೆಗಿಂತ 3 ರೂಪಾಯಿ ಮೇಲಿದ್ದದ್ದಕ್ಕೆ ಒಬಿವಿ 21 ಲಕ್ಷ ಪೂರ್ತಿ ಕೂಡಿಸಿತು. ಎ/ಡಿ ಅದೇ ದಿನಕ್ಕೆ ಸುಮಾರು 6 ಲಕ್ಷ ಕಳೆಯಿತು. ಒಂದೇ ದಿನದಲ್ಲಿ 27 ಲಕ್ಷದ ಅಂತರ.

ಕಂಪನಿಯ ಒಟ್ಟು ಷೇರಿನ ಅರ್ಧ ಪರ್ಸೆಂಟ್‌ಗಿಂತ ಜಾಸ್ತಿಯನ್ನು ಒಬ್ಬರೇ ಒಂದೇ ದಿನ ಕೊಂಡರೆ ಅಥವಾ ಮಾರಿದರೆ ಬಲ್ಕ್ ಡೀಲ್ ಪಟ್ಟಿಗೆ ಬರುತ್ತದೆ, ಹೆಸರು ಅದೇ ಸಂಜೆ ಹೊರಬೀಳುತ್ತದೆ. ಗುಟ್ಟಿನ ಖರೀದಿ ಅನ್ನಲು ಅಲ್ಲಿ ಏನೂ ಉಳಿಯುವುದಿಲ್ಲ. ಒಂದು ಫಂಡ್ ಹೊರಗೆ ಹೋಯಿತು, ಇನ್ನೊಂದು ಒಳಗೆ ಬಂತು. ಹೊಸಬರು ಬಂದದ್ದು ಒಳ್ಳೆಯ ಸುದ್ದಿಯೇ ಇರಬಹುದು, ಆದರೆ ಆ ಸುದ್ದಿ ಪಟ್ಟಿಯಲ್ಲೇ ಇತ್ತು, ಅದಕ್ಕೆ ಒಬಿವಿ ಬೇಕಾಗಿರಲಿಲ್ಲ. ಆ ದಿನದ ಪಾಲನ್ನು ಸೊನ್ನೆ ಮಾಡಿ ಎರಡೂ ಗೆರೆಯನ್ನು ಮತ್ತೆ ಎಳೆಯಿರಿ. ರಿಸಲ್ಟ್ ಬಂದ ದಿನ, ಸೂಚ್ಯಂಕಕ್ಕೆ ಸೇರಿದ ಅಥವಾ ಬಿಟ್ಟ ದಿನ ಇದ್ದರೆ ಅವನ್ನೂ ಹಾಗೇ ಮಾಡಿ.

ಉಳಿದ 23 ಲಕ್ಷದ ಬಗ್ಗೆ: ಅದು ಷೇರುಗಳ ಎಣಿಕೆ ಅಲ್ಲ. ಏರಿದ ದಿನಗಳ ವಾಲ್ಯೂಮಿನಿಂದ ಇಳಿದ ದಿನಗಳದ್ದನ್ನು ಕಳೆದರೆ ಬಂದದ್ದು ಅಷ್ಟೇ, ಯಾರೂ 23 ಲಕ್ಷ ಷೇರನ್ನು ಕಪಾಟಿನಲ್ಲಿ ಇಟ್ಟಿಲ್ಲ. ಬೆಲೆ 430ರ ಹತ್ತಿರ ಹೋಗಿ ವಾಪಸ್ ಬಂದ ಎರಡು ಸಲವನ್ನು ಹೋಲಿಸಿ. ಎರಡನೇ ಸಲ ಬೆಲೆ ಅಲ್ಲೇ ಇದ್ದು, ತಿದ್ದಿದ ಒಬಿವಿ ಮತ್ತು ಎ/ಡಿ ಎರಡೂ ಮೊದಲಿಗಿಂತ ಮೇಲಿದ್ದರೆ ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಒಂದೇ ಮೇಲಿದ್ದರೆ ಇಲ್ಲ.

ಸವಿತಾ: ನನ್ನ ಹತ್ತಿರ ಇರುವ ಒಂದು ಷೇರು ಕಳೆದ ವರ್ಷ ಒಂದಕ್ಕೊಂದು ಬೋನಸ್ ಕೊಟ್ಟಿತು. ಅವತ್ತಿಂದ ಒಬಿವಿ ಹುಚ್ಚು ಕಟ್ಟಿದ ಹಾಗೆ ಕುಣಿಯುತ್ತಿದೆ. ಇದೂ ಖರೀದಿಯೇ ಅಂತ ಇಟ್ಟುಕೊಂಡು ಕೂತಿದ್ದೇನೆ.

ಶೈಲಜಾ: ಬೋನಸ್ ಆದಮೇಲೆ ಷೇರುಗಳೇ ದುಪ್ಪಟ್ಟು, ವಾಲ್ಯೂಮೂ ಸುಮಾರಾಗಿ ಹಾಗೇ ಏರುತ್ತದೆ. ನಿಮ್ಮ ಡೇಟಾ ಹಳೆಯ ಬೆಲೆಯನ್ನು ಅರ್ಧ ಮಾಡಿ, ಹಳೆಯ ವಾಲ್ಯೂಮನ್ನು ದುಪ್ಪಟ್ಟು ಮಾಡದೇ ಬಿಟ್ಟಿದ್ದರೆ ಹೊಸ ದಿನಗಳಿಗೆ ಎರಡರಷ್ಟು ತೂಕ ಬಂದಿರುತ್ತದೆ. ಬೋನಸ್‌ಗೆ ಹಿಂದಿನ ಒಂದು ದಿನದ ವಾಲ್ಯೂಮನ್ನು ಎಕ್ಸ್‌ಚೇಂಜಿನ ಆ ದಿನದ ಫೈಲ್ ಜೊತೆ ಹೋಲಿಸಿ. ಚಾರ್ಟಿನಲ್ಲೂ ಅಷ್ಟೇ ಇದ್ದರೆ ತಿದ್ದಿಲ್ಲ ಅಂತ ಅರ್ಥ.

ರಾಘವೇಂದ್ರ: ಒಪ್ಪಿದೆ. ಆದರೆ ಒಂದು ಮಾತು. ಸಣ್ಣ ಷೇರುಗಳಲ್ಲಿ ಆಪರೇಟರ್‌ಗಳೇ ತಮ್ಮೊಳಗೆ ಕೊಟ್ಟು ತೆಗೆದುಕೊಂಡು ವಾಲ್ಯೂಮ್ ಎಬ್ಬಿಸುತ್ತಾರಲ್ಲ, ಆಗ ಎರಡೂ ಗೆರೆ ಏರಿರುತ್ತವೆ.

ಶೈಲಜಾ: ನಿಜ, ಆಗ ಚಾರ್ಟಿನಿಂದ ಕಂಡುಹಿಡಿಯುವುದು ಕಷ್ಟ. ನಾನು ನೋಡುವುದು ಅಪ್ಪರ್ ಸರ್ಕಿಟ್ ದಿನಗಳನ್ನು. ಬೆಳಿಗ್ಗೆಯಿಂದ ಒಂದೇ ಬೆಲೆಗೆ ಲಾಕ್ ಆದರೆ ಹೈ, ಲೋ ಒಂದೇ ಆಗುತ್ತದೆ. ಅದಕ್ಕೇ ಮೇಲಿನ ಸೂತ್ರದಲ್ಲಿ ಎ/ಡಿಗೆ ಸೊನ್ನೆ ಕೊಟ್ಟಿದ್ದೇನೆ. ಒಬಿವಿ ಮಾತ್ರ ಪೂರ್ತಿ ಕೂಡಿಸುತ್ತದೆ. ಅಂಥ ದಿನಗಳೇ ಜಾಸ್ತಿ ಇರುವ ಷೇರಿನಲ್ಲಿ ಈ ಓದಿಗೆ ನಾನು ಕೈ ಹಾಕುವುದಿಲ್ಲ.

ಮಂಜುನಾಥ: ಆ ದಿನ ತೆಗೆದು ಎಳೆದೆ. 430ರ ಹತ್ತಿರ ಎರಡನೇ ಸಲ ಒಬಿವಿ ಸ್ವಲ್ಪ ಮೇಲಿದೆ. ಎ/ಡಿಯೂ ಮೇಲಿದೆ, ಆದರೆ ಕೂದಲೆಳೆಯಷ್ಟು. ಈಗ 418. ಕಾಯಲಾ, ಕೊಳ್ಳಲಾ?

ರಾಘವೇಂದ್ರ: ಈಗಲೇ ಸ್ವಲ್ಪ ತಗೊಳ್ಳಿ. 430 ದಾಟಿದ ಮೇಲೆ ಎಲ್ಲರೂ ಬರುತ್ತಾರೆ, ಒಂದೇ ದಿನ 450ಕ್ಕೆ ಹೋದರೆ ಏನು ಮಾಡುತ್ತೀರಿ?

ಶೈಲಜಾ: ನನ್ನ ಅಭಿಪ್ರಾಯ ಬೇರೆ. ಕೂದಲೆಳೆಯಷ್ಟು ಅಂತರಕ್ಕೆ ನಾನು ಹಣ ಹಾಕುವುದಿಲ್ಲ, ದಾಟಿದ ದಿನ ವಾಲ್ಯೂಮ್ ಜೊತೆ ಹೈ ಹತ್ತಿರ ಮುಗಿಯಲಿ ಅಂತ ಕಾಯುತ್ತೇನೆ. ರಾಘವೇಂದ್ರ ಸರ್ ಹೇಳುವ ಹಾಗೆ ಹತ್ತಿಪ್ಪತ್ತು ರೂಪಾಯಿ ಕೈ ತಪ್ಪುವುದೂ ಉಂಟು. ಮೊದಲೇ ಕೊಳ್ಳುವುದಾದರೆ 400ರ ಕೆಳಗೆ ಮುಗಿದ ದಿನ ಹೊರಗೆ ಬರಬೇಕು, ಆಗ ಒಬಿವಿ ಎಷ್ಟೇ ಎತ್ತರದಲ್ಲಿರಲಿ. ಇನ್ನೊಂದು ಕಡೆಯಿಂದಲೂ ನೋಡಬಹುದು. ತ್ರೈಮಾಸಿಕ ಮುಗಿದ 21 ದಿನದೊಳಗೆ ಕಂಪನಿ ಷೇರುದಾರರ ಪಟ್ಟಿ ಕೊಡಲೇಬೇಕು, ಒಂದು ಪರ್ಸೆಂಟ್ ಮೇಲೆ ಇಟ್ಟುಕೊಂಡವರ ಹೆಸರು ಅದರಲ್ಲಿ ಬರುತ್ತದೆ. ಬಲ್ಕ್ ಡೀಲಿನ ಫಂಡ್ ಬಿಟ್ಟು ಬೇರೆ ಯಾರಾದರೂ ಹೊಸಬರು ಕಾಣುತ್ತಾರಾ ನೋಡಿ. ಒಂದು ಪರ್ಸೆಂಟ್ ಕೆಳಗೆ ಇದ್ದವರು ಕಾಣುವುದಿಲ್ಲ, ಅದಕ್ಕೆ ಏನೂ ಮಾಡಲಾಗುವುದಿಲ್ಲ.

ಮಂಜುನಾಥ: ಪಟ್ಟಿ ಬರಲು ಇನ್ನೂ ಮೂರು ವಾರ ಇದೆ. ಬಂದ ಮೇಲೆ ಇಲ್ಲೇ ಹಾಕುತ್ತೇನೆ ಮೇಡಂ.