ಅಪ್‌ಡೇಟ್: ಒಣದ್ರಾಕ್ಷಿ ತೂಕ ಕಡಿಮೆ ಬರೋದು ಯಾಕಂತ ಗೊತ್ತಾತು

ನಾ ಕೇಳಿದ್ದು: "ವಿಜಯಪುರದಾಗ ಸಗಟು ಅಂಗಡಿಯಿಂದ 20 ಕಿಲೋ ಒಣದ್ರಾಕ್ಷಿ ತಂದ್ರ ಮನ್ಯಾಗ 600 ಗ್ರಾಂ ಕಡಿಮೆ ಬರತೈತಿ. ಕಾಟಾ ಸರಿ ಐತೋ ಇಲ್ಲೋ ಹೆಂಗ್ ನೋಡೋದು?"

ಕಾಟಾ ಸರಿನೇ ಐತ್ರಿ. ಅಂಗಡಿಯವರದೇ ಮುದ್ರೆ ಹಾಕಿದ 20 ಕಿಲೋ ಬಟ್ಟು ಇಟ್ಟು ನೋಡಿದ್ವಿ, ನಡುವಾಗೂ ಮೂಲ್ಯಾಗೂ 20.000 ಅಂತನೇ ತೋರಿಸ್ತು. ಒಂದು ಲೀಟರ್ ನೀರಿನ ಬಾಟ್ಲಿ ಇಡ್ರಿ ಅಂದಿದ್ರಲ್ಲ, ಅದು ದೊಡ್ಡ ಕಾಟಾಕ್ಕ ಉಪಯೋಗಿಲ್ಲ. 20 ಕಿಲೋದ ಹತ್ರ ತಪ್ಪು ಇದ್ರ ಒಂದು ಕಿಲೋದಾಗ ಕಾಣಂಗಿಲ್ಲ.

ಕೆಲಸಕ್ಕ ಬಂದಿದ್ದು "ಖಾಲಿ ಕ್ರೇಟ್ ತಿರುಗಿ ಇಡಸ್ರಿ" ಅಂದವರ ಮಾತು. ಮಾಲು ನನ್ನ ಚೀಲಕ್ಕ ಸುರುವಿದ ಮ್ಯಾಲೆ ಅದೇ ಕ್ರೇಟ್ ಕಾಟಾದ ಮ್ಯಾಲೆ ಇಡಸಿದೆ. ಸೊನ್ನೆ ಬರಬೇಕಿತ್ತು, 0.600 ಬಂತು! ಅಂಗಡಿ ಹುಡುಗ ಮುಂಜಾನೆ 1.4 ಕಿಲೋದ ಸಣ್ಣ ಕ್ರೇಟ್ ಇಟ್ಟು, ಖಾಲಿ ಕ್ರೇಟಿನ ತೂಕ ಕಳಿಯೋ ಟೇರ್ ಬಟನ್ ಒತ್ತಿದ್ದ, ನನ್ನ ಮಾಲು ತುಂಬಿದ್ದು 2 ಕಿಲೋದ ದೊಡ್ಡದ್ರಾಗ. ಕಿಲೋಕ್ಕ 250 ಅಂದ್ರ ಪ್ರತಿ ಸಲ 150 ರೂಪಾಯಿ ಪ್ಲಾಸ್ಟಿಕ್‌ಗೆ ಕೊಟ್ಟಂಗ.

ನನಗ ಹೊಸಾದು ಅನಿಸಿದ್ದು: ಟೇರ್ ಒತ್ತಿದ ಮ್ಯಾಲೆ ಎಲ್ಲಾ ತೆಗೆದ್ರ ಕಾಟಾ ಮೈನಸ್ ತೋರಸ್ತೈತಿ. ಆ ಅಂಕಿನೇ ಅದು ಬಿಡಾಕತ್ತಿರೋ ಕ್ರೇಟಿನ ತೂಕ. ಅಂಗಡಿ ಅಣ್ಣಾರು ಜಗಳಾಡಲಿಲ್ಲ, ಈಗ ನನ್ನ ಮುಂದನೇ ಕ್ರೇಟ್ ಇಟ್ಟು ಟೇರ್ ಒತ್ತತಾರ.