ಮೊತ್ತದಲ್ಲಿ ಕಾಣದ ಸಾಲುಗಳು: SUBTOTAL ಸಾಕೇ, AGGREGATE ಬೇಕೇ?

ಕೇಳಿದವರು: ಎಕ್ಸೆಲ್‌ನಲ್ಲಿ ಮಾಡಿದ ಕೆಲಸದ ಗಂಟೆಗಳ ಶೀಟ್‌ನಲ್ಲಿ ಫಿಲ್ಟರ್ ಹಾಕಿದರೂ SUM ಮೊತ್ತ ಬದಲಾಗುವುದಿಲ್ಲ. SUBTOTAL ಹಾಕಿದರೆ, ನಾನು ಮರೆಮಾಡಿದ ಸಾಲೂ ಸೇರಿಕೊಳ್ಳುತ್ತದೆ. ಕೆಲವು ಸಲ ಮೊತ್ತದ ಜಾಗದಲ್ಲಿ #N/A ಬರುತ್ತದೆ. AGGREGATE ಬಳಸಿ ಎಂದು ಒಬ್ಬರು ಹೇಳಿದರು. ಬಳಸಿ ಅನುಭವವಿರುವವರು ಯಾವುದನ್ನು ಆರಿಸಿಕೊಂಡಿದ್ದೀರಿ, ಏಕೆ?

ವರದಿಗಳನ್ನು ತಯಾರಿಸುವವರೊಬ್ಬರು: ನಾನು ಎಲ್ಲ ಕಡೆಯೂ AGGREGATE ಬಳಸುತ್ತೇನೆ. SUBTOTAL ಮಾಡುವ ಕೆಲಸವನ್ನೆಲ್ಲ ಅದು ಮಾಡುತ್ತದೆ, ಜೊತೆಗೆ ದೋಷವಿರುವ ಸೆಲ್‌ಗಳನ್ನೂ ಬಿಟ್ಟು ಲೆಕ್ಕ ಹಾಕುತ್ತದೆ. ಹಾಗಾಗಿ ಹಳೆಯದನ್ನು ಬಳಸಲು ಕಾರಣವೇ ಉಳಿದಿಲ್ಲವೆಂದು ನನ್ನ ಅಭಿಪ್ರಾಯ. ಕೆಳಗಿನ ಫಾರ್ಮುಲಾ ಹಾಕಿದರೆ ನಿಮ್ಮ #N/A ಮಾಯವಾಗುತ್ತದೆ.

```
=AGGREGATE(9,6,C2:C9)
```

ಹಲವು ವರ್ಷಗಳಿಂದ ಇತರರ ಶೀಟ್‌ಗಳನ್ನು ಪರಿಶೀಲಿಸುತ್ತಿರುವವರು: ಮೇಲಿನ ಸಲಹೆಯಲ್ಲಿ #N/A ಮಾಯವಾಗುತ್ತದೆ ಎನ್ನುವುದು ನಿಜ, ಆದರೆ ಫಿಲ್ಟರ್ ಕೂಡ ಲೆಕ್ಕದಿಂದ ಮಾಯವಾಗುತ್ತದೆ. ಮೊದಲ ಸ್ಥಾನದ 9 ಎಂದರೆ ಮೊತ್ತ ಮಾಡು, ಎರಡನೆಯ ಸ್ಥಾನದ 6 ಎಂದರೆ ದೋಷಗಳನ್ನು ಮಾತ್ರ ಬಿಡು ಎಂದು ಅರ್ಥ. ಕಾಣದ ಸಾಲುಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲವಾದ್ದರಿಂದ, ಫಿಲ್ಟರ್ ಹಾಕಿದ ಮೇಲೂ ಇಡೀ ಪಟ್ಟಿಯ ಮೊತ್ತವೇ ಬರುತ್ತದೆ. ಒಂದು ಸಣ್ಣ ಪಟ್ಟಿಯ ಮೇಲೆ ಇದನ್ನು ಪರೀಕ್ಷಿಸಿ ನೋಡುವುದು ಒಳ್ಳೆಯದು. B ಕಾಲಂನಲ್ಲಿ ವಿಭಾಗ, C ಕಾಲಂನಲ್ಲಿ ಗಂಟೆಗಳಿರಲಿ.

```
ಸಾಲು  B        C
2     ವಿನ್ಯಾಸ   40
3     ತಪಾಸಣೆ   25
4     ವಿನ್ಯಾಸ   30
5     ತಪಾಸಣೆ   15
6     ವಿನ್ಯಾಸ   20
7     ತಪಾಸಣೆ   35
8     ವಿನ್ಯಾಸ   50
9     ತಪಾಸಣೆ   25
```

ಒಟ್ಟು 240 ಗಂಟೆ. ಅದರಲ್ಲಿ ವಿನ್ಯಾಸದ್ದು 140, ತಪಾಸಣೆಯದು 100. ಮೊತ್ತದ ಫಾರ್ಮುಲಾಗಳನ್ನು ಪಟ್ಟಿಯ ಪಕ್ಕದಲ್ಲಿ ಬರೆಯದೆ ಮೇಲೆ ಅಥವಾ ಬೇರೆ ಶೀಟ್‌ನಲ್ಲಿ ಬರೆಯಿರಿ, ಇಲ್ಲವಾದರೆ ಫಿಲ್ಟರ್ ಹಾಕಿದಾಗ ಅವೂ ಮರೆಯಾಗುತ್ತವೆ. ಮೊದಲು ಫಿಲ್ಟರ್ ಇಲ್ಲದೆ, 6ನೆಯ ಸಾಲನ್ನು ಮಾತ್ರ ಬಲಗುಂಡಿ ಒತ್ತಿ Hide ಮಾಡಿ. ಆಗ SUBTOTAL(9,C2:C9) ಮೊತ್ತವನ್ನು 240 ಎಂದೇ ತೋರಿಸುತ್ತದೆ, SUBTOTAL(109,C2:C9) ಮಾತ್ರ 220 ಎನ್ನುತ್ತದೆ. ನಿಮ್ಮ ಶೀಟ್‌ನಲ್ಲಿ ಮರೆಮಾಡಿದ ಸಾಲು ಸೇರಿಕೊಳ್ಳುತ್ತಿರುವುದಕ್ಕೆ ಕಾರಣ ಇದೇ: ನೀವು 9 ಬರೆದಿದ್ದೀರಿ. ಈಗ ಆ ಸಾಲನ್ನು ಮತ್ತೆ ತೆರೆದು, B ಕಾಲಂನಲ್ಲಿ ವಿನ್ಯಾಸಕ್ಕೆ ಫಿಲ್ಟರ್ ಹಾಕಿ. ಈ ಸಲ 9 ಮತ್ತು 109 ಎರಡೂ 140 ಎನ್ನುತ್ತವೆ, ಏಕೆಂದರೆ ಫಿಲ್ಟರ್ ತೆಗೆದುಹಾಕಿದ ಸಾಲನ್ನು SUBTOTAL ಯಾವ ಸಂಖ್ಯೆ ಕೊಟ್ಟರೂ ಸೇರಿಸುವುದಿಲ್ಲ. SUM ಮತ್ತು AGGREGATE(9,6,C2:C9) ಮಾತ್ರ 240ರಲ್ಲೇ ನಿಂತಿರುತ್ತವೆ.

AGGREGATE ಎಂಬುದು SUBTOTAL ಮಾಡುವುದನ್ನೆಲ್ಲ ಮಾಡುತ್ತದೆ ಎಂಬ ಮಾತನ್ನೂ ಒಪ್ಪಲಾರೆ. ಅದರಲ್ಲಿ ಕಾಣದ ಸಾಲುಗಳನ್ನು ಬಿಡುವ ಆಯ್ಕೆಗಳು 1, 3, 5 ಮತ್ತು 7. ಇವು ನಾಲ್ಕೂ ಫಿಲ್ಟರ್‌ನಿಂದ ಹೋದ ಸಾಲನ್ನೂ ಕೈಯಿಂದ ಮರೆಮಾಡಿದ ಸಾಲನ್ನೂ ಒಟ್ಟಿಗೇ ಬಿಡುತ್ತವೆ. ಫಿಲ್ಟರ್ ಹಾಕಿದಾಗ ಅದು ತೆಗೆದ ಸಾಲನ್ನು ಬಿಡಬೇಕು, ಫಿಲ್ಟರ್ ಇಲ್ಲದಾಗ ಕೈಯಿಂದ ಮರೆಮಾಡಿದ್ದನ್ನು ಸೇರಿಸಿಕೊಳ್ಳಬೇಕು ಎಂದಿದ್ದರೆ ಅದಕ್ಕೆ SUBTOTALನ 9 ಬೇಕು.

ದಾಸ್ತಾನು ಲೆಕ್ಕ ನೋಡಿಕೊಳ್ಳುವವರು: 109 ಒಂದನ್ನೇ ಎಲ್ಲ ಕಡೆ ಬಳಸಿ ನಾನು ಒಮ್ಮೆ ಬಹಳ ತೊಂದರೆಪಟ್ಟಿದ್ದೇನೆ, ಆದ್ದರಿಂದ ಹೇಳುತ್ತಿದ್ದೇನೆ. ನಮ್ಮ ಶೀಟ್‌ನಲ್ಲಿ ಸಾಲುಗಳನ್ನು ಗುಂಪು ಮಾಡಿ, ಅಂಚಿನಲ್ಲಿರುವ ಮೈನಸ್ ಗುರುತನ್ನು ಒತ್ತಿದರೆ ವಿವರಗಳು ಮುಚ್ಚಿಕೊಳ್ಳುವಂತೆ ಮಾಡಿದ್ದೆವು. ಮುದ್ರಿಸುವ ಮೊದಲು ಸಹೋದ್ಯೋಗಿಯೊಬ್ಬರು ಎಲ್ಲ ಗುಂಪುಗಳನ್ನೂ ಮುಚ್ಚಿದರು, ಆಗ ಪ್ರತಿಯೊಂದು ಗುಂಪಿನ ಮೊತ್ತವೂ ಸೊನ್ನೆಯಾಯಿತು. ಗುಂಪನ್ನು ಮುಚ್ಚುವುದು ಎಂದರೆ ಸಾಲನ್ನು ಕೈಯಿಂದ ಮರೆಮಾಡಿದಂತೆಯೇ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಅಂತಹ ಶೀಟ್‌ನಲ್ಲಿ 9 ಬಳಸಬೇಕು. ಎಕ್ಸೆಲ್‌ನ Data ಪಟ್ಟಿಯಲ್ಲಿರುವ Subtotal ಆಜ್ಞೆಯೂ ಮೊತ್ತ ಕೇಳಿದಾಗ ತಾನಾಗಿ 9ನ್ನೇ ಬರೆಯುತ್ತದೆ. ಆದರೆ Table ಮಾಡಿ Total Row ಹಾಕಿದರೆ ಅದು 109 ಬರೆಯುತ್ತದೆ. ಹಾಗಾಗಿ ಒಂದೇ ಶೀಟ್‌ನಲ್ಲಿ ಎರಡೂ ಇರಬಹುದು, ಫಾರ್ಮುಲಾವನ್ನು ತೆರೆದು ನೋಡದೆ ನಂಬಬಾರದು.

ತಿಂಗಳ ಲೆಕ್ಕ ಒಪ್ಪಿಸುವವರು: ನನ್ನ ಅನುಭವ ಇದಕ್ಕಿಂತ ಬೇರೆ. ನನ್ನ ಶೀಟ್‌ನಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ 12 ಕಾಲಂಗಳಿವೆ. ಬೇಡವಾದ ತಿಂಗಳುಗಳನ್ನು ಮರೆಮಾಡಿ, ಸಾಲಿನ ಕೊನೆಯಲ್ಲಿ 109 ಹಾಕಿ ನೋಡಿದೆ, AGGREGATEನಲ್ಲಿ 5 ಕೂಡ ಹಾಕಿ ನೋಡಿದೆ. ಮೊತ್ತ ಸ್ವಲ್ಪವೂ ಬದಲಾಗಲಿಲ್ಲ. ಆದ್ದರಿಂದ ಈ ಎರಡೂ ಸರಿಯಾಗಿ ಕೆಲಸ ಮಾಡುತ್ತವೆ ಎಂದು ನನಗೆ ಅನಿಸುವುದಿಲ್ಲ.

ಪರಿಶೀಲಿಸುತ್ತಿರುವವರು: ಇಲ್ಲಿ ಕೇಳಿರುವುದು ಸಾಲುಗಳ ಬಗ್ಗೆ, ನಿಮ್ಮದು ಕಾಲಂಗಳ ವಿಷಯ. ಈ ಎರಡು ಫಂಕ್ಷನ್‌ಗಳೂ ಸಾಲು ಕಾಣುತ್ತಿದೆಯೇ ಎಂಬುದನ್ನು ಮಾತ್ರ ನೋಡುತ್ತವೆ, ಕಾಲಂ ಮರೆಯಾಗಿದ್ದರೂ ಅದರ ಸಂಖ್ಯೆಯನ್ನು ಸೇರಿಸಿಕೊಳ್ಳುತ್ತವೆ. ತಿಂಗಳನ್ನು ಪ್ರತ್ಯೇಕ ಕಾಲಂಗಳಲ್ಲಿ ಹರಡುವ ಬದಲು, ತಿಂಗಳು ಎಂಬ ಒಂದೇ ಕಾಲಂ ಇಟ್ಟು ಪ್ರತಿ ನಮೂದನ್ನೂ ಒಂದು ಸಾಲಾಗಿ ಬರೆದರೆ ನಿಮಗೆ ಬೇಕಾದ್ದು ಫಿಲ್ಟರ್‌ನಿಂದಲೇ ಸಿಗುತ್ತದೆ.

ಈಗ #N/A ವಿಷಯಕ್ಕೆ ಬರುತ್ತೇನೆ, ಏಕೆಂದರೆ AGGREGATEನ ನಿಜವಾದ ಅಗತ್ಯ ಬರುವುದು ಅಲ್ಲಿಯೇ. ಮೇಲಿನ ಪಟ್ಟಿಯ 4ನೆಯ ಸಾಲಿನಲ್ಲಿ 30ರ ಬದಲು VLOOKUP ಇದ್ದು, ಅದಕ್ಕೆ ಹುಡುಕಿದ ಹೆಸರು ಸಿಗದೆ #N/A ಬಂದಿದೆ ಎಂದುಕೊಳ್ಳಿ. ವಿನ್ಯಾಸಕ್ಕೆ ಫಿಲ್ಟರ್ ಹಾಕಿದರೆ SUBTOTAL ಕೂಡ #N/A ಎನ್ನುತ್ತದೆ. ತಪಾಸಣೆಗೆ ಫಿಲ್ಟರ್ ಹಾಕಿದರೆ ದೋಷವಿರುವ ಸಾಲು ಹೊರಗೆ ಹೋಗುವುದರಿಂದ 100 ಎಂಬ ಶುದ್ಧ ಮೊತ್ತ ಬರುತ್ತದೆ. ಕೇಳಿದವರಿಗೆ ಕೆಲವು ಸಲ ಮಾತ್ರ ದೋಷ ಕಾಣುತ್ತಿರುವುದು ಬಹುಶಃ ಇದರಿಂದಲೇ. ಇಲ್ಲಿ ಬೇಕಾದ ಆಯ್ಕೆ 6 ಅಲ್ಲ, 7.

```
=AGGREGATE(9,7,C2:C9)
```

ವಿನ್ಯಾಸದ ಫಿಲ್ಟರ್‌ನಲ್ಲಿ ಇದು 110 ಕೊಡುತ್ತದೆ. ಪಟ್ಟಿಯ ನಡುವೆ SUBTOTALನಿಂದ ಬರೆದ ಉಪಮೊತ್ತಗಳಿದ್ದರೆ 7ರ ಬದಲು 3 ಬರೆಯಬೇಕು. 7 ಆ ಉಪಮೊತ್ತಗಳನ್ನೂ ಸಂಖ್ಯೆಗಳೆಂದೇ ಎಣಿಸಿ ಮೊತ್ತವನ್ನು ಎರಡು ಪಟ್ಟಾಗಿಸುತ್ತದೆ, 3 ಅವುಗಳನ್ನು ದಾಟಿಹೋಗುತ್ತದೆ. ಆದರೆ ಉಪಮೊತ್ತವನ್ನು ಯಾರಾದರೂ SUMನಿಂದ ಬರೆದಿದ್ದರೆ ಯಾವ ಆಯ್ಕೆಯೂ ಅದನ್ನು ಗುರುತಿಸುವುದಿಲ್ಲ.

ಆ 110 ಎಂಬ ಉತ್ತರವೇ ನನ್ನನ್ನು ಚಿಂತೆಗೀಡುಮಾಡುವುದು. ವಿನ್ಯಾಸ ವಿಭಾಗದವರು ನಿಜವಾಗಿ 140 ಗಂಟೆ ದುಡಿದಿದ್ದಾರೆ. 30 ಗಂಟೆ ಎಲ್ಲಿಗೆ ಹೋಯಿತೆಂಬ ಸುಳಿವೇ ಶೀಟ್‌ನಲ್ಲಿಲ್ಲ. #N/A ಇದ್ದಾಗ ನೋಡಿದವರು ನಿಂತು ವಿಚಾರಿಸುತ್ತಿದ್ದರು, ಈಗ ಯಾರೂ ವಿಚಾರಿಸುವುದಿಲ್ಲ. ಆದ್ದರಿಂದ 3 ಅಥವಾ 7 ಬಳಸುವ ಪ್ರತಿಯೊಂದು ಮೊತ್ತದ ಪಕ್ಕದಲ್ಲಿ ಈ ಎಣಿಕೆಯನ್ನೂ ಇಡುವುದು ನನ್ನ ರೂಢಿ.

```
=SUBTOTAL(103,C2:C9)-SUBTOTAL(102,C2:C9)
```

ಕಾಣುವ ಸಾಲುಗಳಲ್ಲಿ ಏನಾದರೂ ತುಂಬಿರುವ ಸೆಲ್‌ಗಳೆಷ್ಟು, ಅವುಗಳಲ್ಲಿ ನಿಜವಾದ ಸಂಖ್ಯೆಗಳೆಷ್ಟು ಎಂಬುದರ ವ್ಯತ್ಯಾಸ ಇದು. ನಮ್ಮ ಪಟ್ಟಿಯಲ್ಲಿ 4ರಿಂದ 3 ಕಳೆದು 1 ಬರುತ್ತದೆ. ಸಂಖ್ಯೆಯಂತೆ ಕಂಡರೂ ಪಠ್ಯವಾಗಿ ಉಳಿದುಬಿಟ್ಟಿರುವ ಸೆಲ್ ಇದ್ದರೆ, ಅದೂ ಈ ಎಣಿಕೆಯಲ್ಲಿ ಸಿಕ್ಕಿಬೀಳುತ್ತದೆ. ಅಂತಹ ಸೆಲ್ ಯಾವ ದೋಷವನ್ನೂ ತೋರಿಸದೆ SUMನಿಂದಲೂ ಜಾರಿಹೋಗುತ್ತದೆಂಬುದನ್ನು ನೆನೆದರೆ, ಈ ಒಂದು ಸಾಲನ್ನು ಬರೆಯುವ ಶ್ರಮ ದೊಡ್ಡದಲ್ಲ.

ವರದಿಗಳನ್ನು ತಯಾರಿಸುವವರು: 6ರ ವಿಷಯದಲ್ಲಿ ನಾನು ತಪ್ಪಿದ್ದೇನೆ, ಪರೀಕ್ಷಿಸಿ ನೋಡಿದೆ, 240 ಬಂತು. ಆದರೆ ದೋಷವನ್ನು ಬಿಟ್ಟು ಕೂಡುವುದೇ ತಪ್ಪು ಎಂಬಂತಹ ಧ್ವನಿಯನ್ನು ನಾನು ಒಪ್ಪುವುದಿಲ್ಲ. ನನ್ನ ಶೀಟ್‌ಗಳಲ್ಲಿ ಇನ್ನೂ ಬಾರದ ವರದಿಗಳಿಗೆ #N/A ಇರುವುದು ಸಹಜ, ಅದು ದೋಷವಲ್ಲ, ಬಾಕಿ ಇದೆ ಎಂಬುದರ ಗುರುತು. ಅಲ್ಲಿ ಪ್ರತಿಸಲವೂ ಮೊತ್ತ ಕೆಟ್ಟು ನಿಂತರೆ ಬಂದಿರುವ ವರದಿಗಳನ್ನೂ ಯಾರೂ ನೋಡುವಂತಿರುವುದಿಲ್ಲ.

ಪರಿಶೀಲಿಸುತ್ತಿರುವವರು: ಹಾಗಿದ್ದರೆ ನಿಮ್ಮ ಬಳಕೆ ಸಮಂಜಸವೇ. ಬಾಕಿಯಿರುವ #N/A ಮತ್ತು ತಪ್ಪಾದ ಹೆಸರಿನಿಂದ ಬಂದ #N/A ಒಂದೇ ರೀತಿ ಕಾಣುತ್ತವೆ ಎಂಬುದಷ್ಟೇ ನನ್ನ ಆಕ್ಷೇಪ, AGGREGATE ಅವೆರಡನ್ನೂ ಬೇರ್ಪಡಿಸಲಾರದು.

ಕೇಳಿದವರು: ಎಲ್ಲರಿಗೂ ಕೃತಜ್ಞತೆಗಳು. 8 ಸಾಲುಗಳ ಪಟ್ಟಿಯನ್ನು ಹಾಗೆಯೇ ಬರೆದು ಪರೀಕ್ಷಿಸಿದೆ, ಮೇಲೆ ಹೇಳಿದ ಸಂಖ್ಯೆಗಳೇ ಬಂದವು. ಒಂದು ಮಾತ್ರ ಅರ್ಥವಾಗಲಿಲ್ಲ. ವಿನ್ಯಾಸಕ್ಕೆ ಫಿಲ್ಟರ್ ಹಾಕಿರುವಾಗಲೇ 6ನೆಯ ಸಾಲನ್ನು ಕೈಯಿಂದ ಮರೆಮಾಡಿದೆ. ಕೈಯಿಂದ ಮರೆಮಾಡಿದ್ದನ್ನು 9 ಸೇರಿಸಿಕೊಳ್ಳುವುದರಿಂದ 140 ಬರಬೇಕೆಂದುಕೊಂಡೆ; 120 ಬಂತು.

ಪರಿಶೀಲಿಸುತ್ತಿರುವವರು: ನನ್ನ ಶೀಟ್‌ಗಳಲ್ಲೂ ಹೀಗೆಯೇ ಆಗಿದೆ. ಫಿಲ್ಟರ್ ಜಾರಿಯಲ್ಲಿರುವಾಗ ಅದರ ವ್ಯಾಪ್ತಿಯೊಳಗೆ ಮರೆಮಾಡಿದ ಸಾಲನ್ನು 9 ಕೂಡ ಫಿಲ್ಟರ್ ಆದ ಸಾಲಿನಂತೆಯೇ ನೋಡುತ್ತದೆ, ಆ ಸ್ಥಿತಿಯಲ್ಲಿ 9 ಮತ್ತು 109ರ ನಡುವೆ ಅಂತರ ಉಳಿಯುವುದಿಲ್ಲ. ಹಾಗಾಗಿ ಕೈಯಿಂದ ಮರೆಮಾಡುವುದನ್ನು ಲೆಕ್ಕದ ಭಾಗವಾಗಿಸುವುದನ್ನೇ ನಾನು ಬಿಟ್ಟಿದ್ದೇನೆ. ಯಾವುದಾದರೂ ಸಾಲು ಮೊತ್ತದಿಂದ ಹೊರಗಿರಬೇಕಾದರೆ D ಕಾಲಂನಲ್ಲಿ ಬೇಡ ಎಂದು ಬರೆದು, ಆ ಕಾಲಂಗೂ ಫಿಲ್ಟರ್ ಹಾಕುತ್ತೇನೆ. ಯಾವುದು ಹೊರಗಿದೆ ಎಂಬುದು ಮುಂದಿನವರಿಗೂ ಓದಲು ಸಿಗುತ್ತದೆ.

ದಾಸ್ತಾನು ಲೆಕ್ಕ ನೋಡಿಕೊಳ್ಳುವವರು: ಗುಂಪುಗಳನ್ನು ಮುಚ್ಚಿ ತೆರೆಯುವ ನಮ್ಮ ಶೀಟ್‌ಗೆ ಅದು ಹೊಂದುವುದಿಲ್ಲ, ಅಲ್ಲಿ ನಾವು ಫಿಲ್ಟರ್ ಹಾಕದೆ 9ರಲ್ಲೇ ಮುಂದುವರಿಯುತ್ತೇವೆ. ಗುಂಪು ಮುಚ್ಚಿದ ಶೀಟ್‌ಗೆ ಫಿಲ್ಟರ್ ಕೂಡ ಹಾಕಿ ಬಳಸುತ್ತಿರುವವರು ಯಾರಾದರೂ ಇದ್ದರೆ, ಅವರಿಗೆ ಯಾವ ಮೊತ್ತ ಬರುತ್ತಿದೆ ಎಂದು ತಿಳಿಸಿದರೆ ನನಗೂ ಉಪಯೋಗವಾಗುತ್ತದೆ.