ಪದಚರ್ಚೆ: ‘ಫ್ರೀಕ್ವೆನ್ಸಿ ಅನಾಲಿಸಿಸ್’ಗೆ ಕನ್ನಡದಲ್ಲಿ ಏನು? (ತುರ್ತು)

ವಿ. ಕೆ.
ನಮಸ್ಕಾರ. ಶಾಲಾ ಮಕ್ಕಳ ವಿಜ್ಞಾನ ಮೇಳದ ಫಲಕವೊಂದು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಒಂದು ಅಕ್ಷರದ ಬದಲು ಇನ್ನೊಂದನ್ನು ಬರೆದ ಗುಪ್ತಬರಹವನ್ನು, ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸಿ ಒಡೆಯುವ ಬಗೆ ಅದರ ವಿಷಯ. ‘ಸಬ್‌ಸ್ಟಿಟ್ಯೂಷನ್ ಸೈಫರ್’ಗೆ ‘ಪಲ್ಲಟ ಲಿಪಿ’, ‘ಫ್ರೀಕ್ವೆನ್ಸಿ ಅನಾಲಿಸಿಸ್’ಗೆ ‘ಆವರ್ತನ ವಿಶ್ಲೇಷಣೆ’ ಎಂದು ಹಾಕಿದ್ದೇನೆ. ನಡೆಯುತ್ತದೆಯೇ?

ಎಚ್. ಎನ್.
‘ಪಲ್ಲಟ’ ಬೇಡ. ಪಲ್ಲಟವೆಂದರೆ ಜಾಗ ಬದಲಾಗುವುದು. ಅದು ಬೇರೆಯೇ ಬಗೆಯ ಗುಪ್ತಬರಹ, ಎರಡನ್ನೂ ಬೇರೆ ಮಾಡುವುದೇ ಈ ಎಣಿಕೆ. ಇಂಗ್ಲಿಷಿನಲ್ಲಿ ನೂರಕ್ಕೆ ಸುಮಾರು 12 ಸಲ ಬರುವುದು ‘ಇ’. ಅಕ್ಷರಗಳು ಜಾಗವನ್ನಷ್ಟೇ ಬದಲಿಸಿದ್ದರೆ ಎಣಿಸಿದಾಗಲೂ ‘ಇ’ಯೇ ಮೇಲಿರುತ್ತದೆ. ‘ಕ್ಯೂ’ವೋ ‘ಝಡ್’ಡೋ ಮೇಲೆ ಬಂದರೆ ಅಕ್ಷರವೇ ಬದಲಾಗಿದೆ ಎಂದರ್ಥ. ಒಂದು ಅಕ್ಷರ ಹೋಗಿ ಇನ್ನೊಂದು ಬರುವುದಕ್ಕೆ ನಮ್ಮ ವ್ಯಾಕರಣದಲ್ಲಿ ಪದವಿದೆ: ಆದೇಶ. ‘ಮಳೆಗಾಲ’ ಓದಿದ ಮಕ್ಕಳಿಗೆ ‘ಆದೇಶಲಿಪಿ’ ಕಷ್ಟವಾಗದು.

ಗೋ. ರಾ.
ರೇಡಿಯೊ ಪಾಠವೊಂದನ್ನು ಅನುವಾದಿಸುವಾಗ ನಾನು ‘ಕಂಪನಾಂಕ’ ಬಳಸಿದ್ದೆ. ನೀವೂ ಅದನ್ನೇ ಹಾಕಿ, ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ ಇರಲಿ.

ಎಚ್. ಎನ್.
ಅಕ್ಷರ ಕಂಪಿಸುವುದಿಲ್ಲ. ಗಣಿತದ ಪುಸ್ತಕದಲ್ಲಿ ‘ಆವೃತ್ತಿ ವಿತರಣಾ ಪಟ್ಟಿ’ ಇದೆ, ಮಕ್ಕಳು ಗೆರೆ ಎಳೆದು ಎಣಿಸುವುದನ್ನು ಕಲಿತದ್ದೂ ಅಲ್ಲೇ. ‘ಆವೃತ್ತಿ’ ಸಾಕು.

ಮಾ. ಶೆ.
ಆವೃತ್ತಿ, ಆದೇಶ, ವಿಶ್ಲೇಷಣೆ: ಮೂರೂ ಸಂಸ್ಕೃತ. ‘ಆದೇಶ’ವೆಂದರೆ ಮಗುವಿಗೆ ಸರ್ಕಾರಿ ಆದೇಶವೇ ನೆನಪಾಗುವುದು. ‘ಬದಲಿ ಬರಹ’, ‘ಬರಿಗೆಯೆಣಿಕೆ’ ಎನ್ನಿ. ಮಾಡುವುದು ಸುಲಭದ ಕೆಲಸ: ಹೆಚ್ಚು ಸಲ ಬಂದದ್ದು ‘ಇ’, ಅದರ ನಂತರದ್ದು ‘ಟಿ’, ಹೀಗೇ ಪಟ್ಟಿ ಹಿಡಿದು ಇಳಿಯುತ್ತ ಹೋದರಾಯಿತು. ಅದಕ್ಕೆ ‘ವಿಶ್ಲೇಷಣೆ’ಯ ಭಾರ ಯಾಕೆ?

ಎಸ್. ಪಿ.
ಪಟ್ಟಿ ಹಿಡಿದು ಇಳಿದರೆ ಮೂರನೆಯ ಮೆಟ್ಟಿಲಲ್ಲೇ ದಾರಿ ತಪ್ಪುತ್ತದೆ. ‘ಎ’, ‘ಒ’, ‘ಐ’, ‘ಎನ್’ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ, ಸಣ್ಣ ಬರಹದಲ್ಲಿ ಅವುಗಳ ಸ್ಥಾನ ಅದಲುಬದಲಾಗುತ್ತದೆ. ಎಣಿಕೆ ಕೊಡುವುದು ಊಹೆ. ಅಕ್ಕಪಕ್ಕ ಯಾವ ಅಕ್ಷರವಿದೆ, ಪದ ಹೇಗೆ ಮುಗಿದಿದೆ ಎಂದು ನೋಡಿ ಆ ಊಹೆಯನ್ನು ಪರೀಕ್ಷಿಸಬೇಕು.

ವಿ. ಕೆ. ಅವರೇ, ಫಲಕಕ್ಕೆ ಕನ್ನಡದ್ದೇ ಉದಾಹರಣೆ ಹಾಕಿ. ಇದರಲ್ಲಿ ವ್ಯಂಜನಗಳನ್ನಷ್ಟೇ ಬದಲಿಸಿದೆ, ಸ್ವರಚಿಹ್ನೆ ಮುಟ್ಟಿಲ್ಲ:

```
ಸತೆಗಪ್ಪಿ ಸಬ್ಬಜು ದಾಪತ್ತು ಬುಮಿಹಚು
```

ಮೊದಲು ಏನನ್ನು ಎಣಿಸಬೇಕೆಂದು ತೀರ್ಮಾನಿಸಬೇಕು. ಗುಣಿತಾಕ್ಷರ, ಒತ್ತಕ್ಷರ ಸಮೇತ ಎಣಿಸಿದರೆ ಇಲ್ಲಿ 14 ಅಕ್ಷರ, ಎರಡು ಸಲ ಬಂದದ್ದು ‘ಸ’ ಮಾತ್ರ. ಏನೂ ಗೊತ್ತಾಗುವುದಿಲ್ಲ. ಒತ್ತನ್ನು ಬಿಡಿಸಿ ವ್ಯಂಜನಗಳನ್ನು ಎಣಿಸಿದರೆ 17: ಪ, ತ, ಬ ಮೂರು ಮೂರು ಸಲ, ಸ ಎರಡು ಸಲ, ಉಳಿದವು ಒಂದೊಂದೇ ಸಲ.

ಮೂರು ಸಮವಾದ್ದರಿಂದ ಪದಗಳ ಕೊನೆ ನೋಡಿ. ‘ಪ್ಪಿ’ ಎಂದು ಮುಗಿಯುವುದು ಸಪ್ತಮಿಯ ‘ಲ್ಲಿ’ ಇರಬಹುದು, ‘ತ್ತು’ ದ್ವಿತೀಯೆಯ ‘ನ್ನು’ ಇರಬಹುದು. ಹಾಗೆ ಹಿಡಿದರೆ ಮೊದಲ ಪದ ‘_ನೆ_ಲ್ಲಿ’. ಅದು ‘ಮನೆಯಲ್ಲಿ’ ಎಂದುಕೊಂಡರೆ ‘ಸ’ ಎಂದರೆ ‘ಮ’, ಎರಡನೆಯ ಪದ ‘ಮ’ದಿಂದ ಶುರುವಾಗಿ ನಡುವೆ ಒತ್ತು ಬಂದು ‘ಉ’ಕಾರದಲ್ಲಿ ಮುಗಿಯುತ್ತದೆ: ಮಕ್ಕಳು. ಈಗ ‘ಬ’ ಎಂದರೆ ‘ಕ’. ಕೊನೆಯ ಪದ ‘ಕುಣಿದರು’ ಆಗಬಹುದು, ‘ಕುಡಿದರು’ ಕೂಡ ಆಗಬಹುದು. ಮೂರನೆಯದು ‘ಪಾಲನ್ನು’, ‘ಸಾಲನ್ನು’, ‘ಹಾಲನ್ನು’ ಯಾವುದೂ ಆಗಬಹುದು. ಎರಡನ್ನೂ ಜೊತೆಗಿಟ್ಟು ಓದಿದಾಗ ‘ಹಾಲನ್ನು ಕುಡಿದರು’ ಹೊಂದುತ್ತದೆ.

ಬರಹ ಇಷ್ಟು ಚಿಕ್ಕದಾದರೆ ಎಣಿಕೆಗಿಂತ ವಿಭಕ್ತಿಯೇ ಹೆಚ್ಚು ಕೆಲಸ ಮಾಡುತ್ತದೆ. ಎಣಿಕೆಗೆ ಬಲ ಬರಬೇಕಾದರೆ ಒಂದೆರಡು ನೂರು ಅಕ್ಷರವಾದರೂ ಬೇಕು. ಪದಗಳ ನಡುವಿನ ಜಾಗ ತೆಗೆದುಬಿಟ್ಟರೆ ಈ ಉಪಾಯ ನಡೆಯುವುದೂ ಕಷ್ಟ.

ಮಾ. ಶೆ.
ಉದಾಹರಣೆ ಚೆನ್ನಾಗಿದೆ. ಆದರೆ ನೀವು ಮಾಡಿದ್ದಷ್ಟೂ ‘ಎಣಿಕೆ’, ‘ಊಹೆ’, ‘ಒಡೆಯುವುದು’ ಎಂಬ ಮಾತಿನಲ್ಲೇ ನಡೆಯಿತಲ್ಲ, ‘ಆವೃತ್ತಿ’ ಎಲ್ಲಿ ಬೇಕಾಯಿತು?

ಎಚ್. ಎನ್.
‘ಊಹೆ’ಯೂ ಸಂಸ್ಕೃತವೇ. ಇಂಗ್ಲಿಷಿನ ‘ಸೈಫರ್’ ಕೂಡ ಅರಬ್ಬಿಯ ‘ಸಿಫ್ರ್’ನಿಂದ ಬಂದದ್ದು, ಮೂಲದಲ್ಲಿ ಅದು ಸೊನ್ನೆ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಅಲ್-ಕಿಂದಿ ಈ ವಿಧಾನವನ್ನು ಬರೆದಿಟ್ಟ: ಅದೇ ಭಾಷೆಯ ಉದ್ದನೆಯ ಬರಹವೊಂದನ್ನು ತೆಗೆದುಕೊಂಡು ಅಕ್ಷರ ಎಣಿಸು, ಗುಪ್ತಬರಹದ ಎಣಿಕೆಯ ಜೊತೆ ಹೋಲಿಸು. ಪದ ಹೊರಗಿನಿಂದ ಬಂತೆಂದು ಯಾರೂ ವಿಧಾನವನ್ನು ಬಿಡಲಿಲ್ಲ.

ಮಾ. ಶೆ.
ಬಿಡಿ ಎಂದು ನಾನೆಲ್ಲಿ ಹೇಳಿದೆ? ಇರುವ ಪದವನ್ನು ಬಳಸಿ ಎಂದೆ.

ವಿ. ಕೆ.
ಎಲ್ಲರಿಗೂ ಧನ್ಯವಾದ. ತಲೆಬರಹ ‘ಅಕ್ಷರ ಎಣಿಸಿ ಗುಟ್ಟು ಒಡೆಯುವುದು’, ಒಳಗೆ ಪಟ್ಟಿಯ ಮೇಲೆ ‘ಆವೃತ್ತಿ’. ‘ಪಲ್ಲಟ’ ತೆಗೆದಿದ್ದೇನೆ. ‘ಆದೇಶಲಿಪಿ’ಯೋ ‘ಬದಲಿ ಬರಹ’ವೋ ಇನ್ನೂ ತೀರ್ಮಾನವಾಗಿಲ್ಲ, ರಾತ್ರಿ ಹತ್ತರವರೆಗೆ ಕಾಯುತ್ತೇನೆ. ಎಸ್. ಪಿ. ಅವರೇ, ಸೊನ್ನೆಯನ್ನು (ಅನುಸ್ವಾರ) ಮಕ್ಕಳು ವ್ಯಂಜನದ ಲೆಕ್ಕಕ್ಕೆ ಸೇರಿಸಬೇಕೇ, ಬಿಡಬೇಕೇ?

ಎಸ್. ಪಿ.
ಬೇರೆಯಾಗಿಯೇ ಎಣಿಸಲಿ. ಅದನ್ನು ಬದಲಿಸದೆ ಹಾಗೇ ಬಿಟ್ಟಿದ್ದರೆ, ಅದರ ಮುಂದೆ ಬಂದ ವ್ಯಂಜನ ಕ, ಗ, ತ, ದ, ಬ ಇವುಗಳಲ್ಲೊಂದು ಎಂದು ಮೊದಲು ಹಿಡಿದು ನೋಡಬಹುದು.